ನಿಫ್ಟಿ ಫ್ಯೂಚರ್ಸ್‌ನಾಗ ಲಾಟ್ ಲೆಕ್ಕ: ಗಾರ್ಚ್ ಬೇಕೋ, ಇಡಬ್ಲ್ಯೂಎಂಎ ಸಾಕೋ?

ಸುರಪುರ ಪೋರ, ಯಾದಗಿರಿ

ಎಲ್ಲಾರಿಗೂ ನಮಸ್ಕಾರ್ರಿ. ನಿಫ್ಟಿ ಫ್ಯೂಚರ್ಸ್‌ನಾಗ ಟ್ರೆಂಡ್ ಹಿಡಿಯೋ ಸಿಸ್ಟಮ್ ಒಂದು ಅದ. ಸಿಗ್ನಲ್ ಬಗ್ಗೆ ತಕರಾರಿಲ್ಲ, ತಕರಾರು ಇರೋದು ಎಷ್ಟು ಲಾಟ್ ಅನ್ನೋದ್ರಾಗ. ಬಂಡವಾಳ 50 ಲಕ್ಷ. ಸಾಧಾರಣ ದಿನದ ಏರಿಳಿತ ಬಂಡವಾಳದ ಅರ್ಧ ಪರ್ಸೆಂಟ್, ಅಂದ್ರ 25 ಸಾವಿರ ರೂಪಾಯಿ ಇರಬೇಕು ಅಂತ ಇಟ್ಕೊಂಡೀನಿ. ಈ 25 ಸಾವಿರಕ್ಕ ಒಂದು ಲಾಟಿನ ದಿನದ ಸಿಗ್ಮಾದಿಂದ ಭಾಗಿಸಿ, ದಶಾಂಶ ಬಿಟ್ಟು ಲಾಟ್ ಹಾಕೋದು. ಬ್ಯಾಕ್‌ಟೆಸ್ಟ್‌ನಾಗ ಎಲ್ಲಾ ಕಡೆ ಲಾಟ್ 25 ಅಂತನೇ ಹಿಡಿದೀನಿ.

ಸಿಗ್ಮಾ ಎರಡು ಥರ ತೆಗೆದು ನೋಡಿದೆ. ಲ್ಯಾಂಬ್ಡಾ 0.94 ಇಟ್ಟು ಇಡಬ್ಲ್ಯೂಎಂಎ ಮಾಡಿದ್ರ ಲಾಟ್ ದಿನಾ ಕುಣೀತಾವ. ಒಂದಿನ 4, ಮರುದಿನ 20, ಅದರ ಮರುದಿನ 3. ಗಾರ್ಚ್ (1,1) ಹಾಕಿದ್ರ ಶಾಂತ, 3 ರಿಂದ 6ರ ಒಳಗ ಮೆಲ್ಲಕ ಸರೀತದ. ಹಂಗಾಗಿ ಗಾರ್ಚೇ ಮೇಲು ಅನ್ನಿಸ್ಯಾದ. ಆದ್ರ ಅದನ್ನ ತಿಂಗಳಿಗೊಮ್ಮೆ ಫಿಟ್ ಮಾಡೋದು ಕಿರಿಕಿರಿ, ಲೈಬ್ರರಿ ಬ್ಯಾರೆ ಎಚ್ಚರಿಕೆ ಕೊಡ್ತದ. ನೀವೆಲ್ಲಾ ಏನು ಬಳಸ್ತೀರಿ?

ಹುಮನಾಬಾದ್ ಕ್ರಾಸ್, ಬೀದರ್

ಗಾರ್ಚ್. ಎರಡನೇ ಮಾತೇ ಇಲ್ಲ.

ಬರೀದ್‌ಶಾಹಿ, ಬೀದರ್

ತಮ್ಮಾ, ತೀರ್ಮಾನಕ್ಕ ಬರೋಕಿಂತ ಮೊದಲು ಆ 20 ಲಾಟ್ ಎಲ್ಲಿಂದ ಬಂತು ನೋಡು. ಲ್ಯಾಂಬ್ಡಾ 0.94 ಇದ್ದರೆ ಒಂದೇ ದಿನಕ್ಕೆ 4ರಿಂದ 20ಕ್ಕೆ ಹೋಗೋದು ಸಾಧ್ಯನೇ ಇಲ್ಲ. ಮಾರುಕಟ್ಟೆ ಪೂರ್ತಿ ನಿಂತುಹೋದರೂ ವೇರಿಯನ್ಸ್ ಒಂದು ದಿನಕ್ಕೆ ನೂರಕ್ಕೆ ಆರು ಮಾತ್ರ ಇಳೀತದ, ಸಿಗ್ಮಾ ನೂರಕ್ಕೆ ಮೂರು. 4 ಲಾಟ್ ಇದ್ದದ್ದು 4.13 ಆಗಬಹುದು, ಅಷ್ಟೇ.

ನಿನ್ನ ಕೋಡ್‌ನಾಗ `alpha=0.94` ಅಂತ ಬರೆದೀ ಅನ್ನಿಸ್ತದ. ಪಾಂಡಾಸ್‌ನಾಗ `alpha` ಅಂದ್ರ ಹೊಸ ದಿನಕ್ಕ ಕೊಡೋ ತೂಕ. ಲ್ಯಾಂಬ್ಡಾ ಅಂದ್ರ ಹಳೇದಕ್ಕ ಕೊಡೋ ತೂಕ. ಎರಡೂ ತಿರುಗುಮುರುಗು. ಲೆಕ್ಕ ಹಾಕಿ ನೋಡು: ಹಿಂದಿನ ಸಿಗ್ಮಾ 0.8 ಪರ್ಸೆಂಟ್, ನಿನ್ನೆ ನಿಫ್ಟಿ ಸರಿದದ್ದು ಬರೀ 0.1. ತೂಕ ತಿರುವಿದ್ರ ವೇರಿಯನ್ಸ್ 0.94×0.01 + 0.06×0.64, ಸುಮಾರು 0.048. ಸಿಗ್ಮಾ 0.22 ಪರ್ಸೆಂಟ್. ನಿಫ್ಟಿ 22,530, ಲಾಟ್ 25 ಇದ್ದಾಗ ಒಂದು ಲಾಟಿನ ಮೌಲ್ಯ 5.63 ಲಕ್ಷ, ಅದರ ಸಿಗ್ಮಾ 1,230 ರೂಪಾಯಿ. 25 ಸಾವಿರಕ್ಕ ಭಾಗಿಸಿದ್ರ ಬರೋಬರ್ 20 ಲಾಟ್. ನೀ ಹೇಳಿದ ಸಂಖ್ಯೆನೇ ಬಂತು.

ಹಿಂಗ ಬರಿ:

```python
r = 100 * close.pct_change().dropna()
ew = (r**2).ewm(alpha=0.06, adjust=False).mean() ** 0.5
ew = ew.shift(1)
```

ಕೊನೇ ಸಾಲು ಬಿಡಬ್ಯಾಡ. ಪಾಂಡಾಸ್ ಕೊಡೋ ಇವತ್ತಿನ ಸಾಲಿನಾಗ ಇವತ್ತಿನ ರಿಟರ್ನ್ ಸೇರಿರ್ತದ. `arch` ಲೈಬ್ರರಿಯ `conditional_volatility` ಮಾತ್ರ ನಿನ್ನೆವರೆಗಿನ ಮಾಹಿತಿಯಿಂದ ಇವತ್ತಿಗೆ ಮಾಡಿದ ಅಂದಾಜು. ಒಂದನ್ನ ಸರಿಸಿ ಇನ್ನೊಂದನ್ನ ಸರಿಸದಿದ್ರನೇ ಅವು ಒಂದೇ ಸಾಲಿಗೆ ಕೂಡ್ತಾವ. ಎರಡನ್ನೂ ಹಾಗೇ ಬಿಟ್ರ ಇಡಬ್ಲ್ಯೂಎಂಎಗೆ ನಾಳೆಯ ಪತ್ರಿಕೆ ಇವತ್ತೇ ಓದಿಸಿದಂಗ ಆಗ್ತದ. ಎರಡನ್ನೂ ಸರಿಸಿದ್ರ ಗಾರ್ಚ್ ಒಂದು ದಿನ ಹಿಂದ ಬೀಳ್ತದ.

ಸುರಪುರ ಪೋರ, ಯಾದಗಿರಿ

ಹೌದ್ರಿ ಅಣ್ಣಾ, `alpha=0.94` ಅಂತನೇ ಇತ್ತು. ಈಗ ತಿದ್ದಿ ಓಡಿಸಿದೆ. ಕುಣಿತ ಪೂರ್ತಿ ನಿಂತದ. ಈಗ ಎರಡೂ ಗೆರೆ ಒಂದರ ಮೇಲೊಂದು ಕೂಡ್ತಾವ, ಎಲ್ಲೋ ಕೆಲವು ವಾರ ಮಾತ್ರ ಬಿಟ್ಟುಹೋಗ್ತಾವ. ಹಂಗಾದ್ರ ಗಾರ್ಚ್‌ನಿಂದ ಲಾಭ ಏನು?

ಬ್ರಹ್ಮಪುರ ಮೂಲೆ, ಕಲಬುರಗಿ

ಲಾಭ ಇದೆ. ಗಾರ್ಚ್‌ಗೆ ನೆನಪು ಜಾಸ್ತಿ. ನಿಫ್ಟಿಯಂಥ ಸೂಚ್ಯಂಕಕ್ಕೆ ಫಿಟ್ ಮಾಡಿದರೆ ಆಲ್ಫಾ ಮತ್ತು ಬೀಟಾ ಕೂಡಿ ಸುಮಾರು 0.98 ಬರುತ್ತದೆ. 0.94ಕ್ಕೆ ಹೋಲಿಸಿದರೆ ದೊಡ್ಡ ಅಂತರ. 0.94ರಲ್ಲಿ ಹೊಡೆತದ ಪರಿಣಾಮ ಅರ್ಧಕ್ಕೆ ಇಳಿಯಲು 11 ದಿನ, 0.98ರಲ್ಲಿ 34 ದಿನ. ಅಂದರೆ ದೊಡ್ಡ ಕುಸಿತದ ನಂತರ ಗಾರ್ಚ್ ತಿಂಗಳಾನುಗಟ್ಟಲೆ ಎಚ್ಚರವಾಗಿರುತ್ತದೆ, ಇಡಬ್ಲ್ಯೂಎಂಎ ಬೇಗ ಮರೆತು ಲಾಟ್ ಏರಿಸಿಬಿಡುತ್ತದೆ.

ಬರೀದ್‌ಶಾಹಿ, ಬೀದರ್

ಸಂಖ್ಯೆ ಎರಡೂ ಖರೆ ಅವ, ಆದ್ರ ಹೋಲಿಕೆ ತಪ್ಪು. ಈ ತಪ್ಪು ಭಾಳ ಮಂದಿ ಮಾಡ್ತಾರ, ಅದಕ್ಕ ಬಿಡಿಸಿ ಹೇಳ್ತೀನಿ.

```
sigma2[t+1] = omega + alpha*r[t]^2 + beta*sigma2[t]
```

ಇವತ್ತಿನ ಹೊಡೆತ ಅಂದಾಜಿನೊಳಗ ಬರೋದು ಆಲ್ಫಾ ಪಾಲಿನಷ್ಟು. ನಾಳೆಯಿಂದ ಮಾರುಕಟ್ಟೆ ತಣ್ಣಗಾದ್ರ ಆ ಪಾಲು ದಿನಾ ಬೀಟಾ ಪಟ್ಟು ಕರಗ್ತದ. ಆಲ್ಫಾ ಜೊತೆಗೆ ಬೀಟಾ ಕೂಡಿಸೋದು ಬ್ಯಾರೆ ಸಂದರ್ಭಕ್ಕ: ಇವತ್ತು ಕೂತು 20 ದಿನದ ಮುಂದಕ್ಕ ನೋಡುವಾಗ, ನಡುವಿನ ರಿಟರ್ನ್ ಇನ್ನೂ ಬಂದಿಲ್ಲ, ಆ ಜಾಗದಾಗ ಅಂದಾಜನ್ನೇ ತುಂಬಿಕೊಂಡು ಹೋಗುವಾಗ. ದಿನಾ ಸಂಜೆ ಹೊಸ ಕ್ಲೋಸ್ ಹಾಕಿ ಲಾಟ್ ತೆಗೆಯೋನಿಗೆ ಕೆಲಸಕ್ಕ ಬರೋ ನೆನಪು ಬೀಟಾದ್ದು. ಬೀಟಾ 0.89 ಇದ್ದರೆ ಅರ್ಧಕ್ಕ ಇಳಿಯೋದು 6 ದಿನದಾಗ. 0.94ಕ್ಕ 11 ದಿನ. ಅಂದ್ರ ನೀವು ಹೇಳಿದ್ದಕ್ಕ ಪೂರಾ ಉಲ್ಟಾ. ಗಾರ್ಚ್ ಜೋರಾಗಿ ಬೆಚ್ಚಿ ಬೀಳ್ತದ, ಬೇಗ ಸುಧಾರಿಸ್ಕೊಳ್ತದ.

ಬ್ರಹ್ಮಪುರ ಮೂಲೆ, ಕಲಬುರಗಿ

ಬೀಟಾ ಮಾತು ಒಪ್ಪಿದೆ. ಆದರೂ ಸಂಖ್ಯೆಯಲ್ಲಿ ತೋರಿಸಿ. ಸೂತ್ರದಲ್ಲಿ ಎಲ್ಲವೂ ಸರಿ ಕಾಣುತ್ತದೆ.

ಕಾಗಿಣಾ ದಂಡೆ, ಕಲಬುರಗಿ

ನಾನು ತೋರಿಸ್ತೀನಿ. 2024ರ ಜೂನ್ ಮೊದಲ ವಾರಕ್ಕಿಂತ ಒಳ್ಳೆಯ ಪರೀಕ್ಷೆ ಸಿಗೋದಿಲ್ಲ. ಮೇ 31ಕ್ಕೆ ನಿಫ್ಟಿ 22,530.70. ಜೂನ್ 3, ಎಕ್ಸಿಟ್ ಪೋಲ್ ನಂತರದ ಸೋಮವಾರ, 3.25 ಪರ್ಸೆಂಟ್ ಏರಿ 23,263.90. ಜೂನ್ 4, ಮತ ಎಣಿಕೆ, 5.93 ಪರ್ಸೆಂಟ್ ಬಿದ್ದು 21,884.50. 5ಕ್ಕೆ 3.36 ಏರಿಕೆ, 6ಕ್ಕೆ 0.89, 7ಕ್ಕೆ 2.05 ಏರಿ 23,290.15. ಒಂದೇ ವಾರದಲ್ಲಿ ಹೋದಲ್ಲಿಗೇ ವಾಪಸ್.

ಲೆಕ್ಕ ಸುಲಭವಾಗಲಿ ಅಂತ ಇಬ್ಬರನ್ನೂ ಮೇ 31ಕ್ಕೆ 0.80 ಪರ್ಸೆಂಟ್ ಸಿಗ್ಮಾದಿಂದ ಹೊರಡಿಸಿದೀನಿ. ಗಾರ್ಚ್‌ಗೆ ಒಮೆಗಾ 0.02, ಆಲ್ಫಾ 0.09, ಬೀಟಾ 0.89, ರಿಟರ್ನ್ ಪರ್ಸೆಂಟಿನಲ್ಲಿ. ಇದು ಫಿಟ್ ಮಾಡಿ ತಂದ ಸಂಖ್ಯೆ ಅಲ್ಲ, ಇಂಥ ಸೂಚ್ಯಂಕಕ್ಕೆ ಬರೋ ಅಳತೆಯದು. ಪ್ರತಿ ದಿನದ ಕ್ಲೋಸ್ ಆದಮೇಲಿನ ಸಿಗ್ಮಾ:

```
date     EWMA   GARCH   lots(EWMA)  lots(GARCH)
31 May   0.80   0.80    5.55        5.55
3 Jun    1.11   1.24    3.87        3.46
4 Jun    1.81   2.13    2.53        2.14
5 Jun    1.94   2.26    2.28        1.96
6 Jun    1.89   2.15    2.32        2.04
7 Jun    1.90   2.12    2.26        2.02
```

ಎರಡು ವಿಷಯ ನೋಡಿ. ಜೂನ್ 4ರ ಬೆಳಿಗ್ಗೆ ಇಬ್ಬರ ಕೈಯಲ್ಲೂ ಇದ್ದದ್ದು 3 ಲಾಟ್. 1,379 ಪಾಯಿಂಟ್ ಬಿದ್ದಾಗ ಹೋದದ್ದು 1.03 ಲಕ್ಷ. ಹಿಂದಿನ ದಿನದ ಏರಿಕೆ ನೋಡಿ ಲಾಟ್ ಇಳಿಸದೆ 5ರಲ್ಲೇ ಇದ್ದಿದ್ದರೆ 1.72 ಲಕ್ಷ. ಆ ದಿನ ದುಡ್ಡು ಉಳಿಸಿದ್ದು ಗಾರ್ಚ್ ಅಲ್ಲ, ಇಡಬ್ಲ್ಯೂಎಂಎ ಅಲ್ಲ, ಯಾವುದೋ ಒಂದು ಅಂದಾಜನ್ನು ದಿನಾ ಪಾಲಿಸಿದ್ದು.

ಎರಡನೆಯದು ಬ್ರಹ್ಮಪುರದವರ ಪ್ರಶ್ನೆಗೆ. ಜೂನ್ 7ರ ನಂತರ 20 ದಿನ ಮಾರುಕಟ್ಟೆ ದಿನಕ್ಕೆ 0.6 ಪರ್ಸೆಂಟ್ ಮಾತ್ರ ಅಲುಗಾಡ್ತು ಅಂತ ಊಹಿಸಿಕೊಳ್ಳಿ. ಆಗ ಇಡಬ್ಲ್ಯೂಎಂಎ ಸಿಗ್ಮಾ 1.14ಕ್ಕೆ ಇಳಿದಿರುತ್ತದೆ, ಗಾರ್ಚ್ 0.93ಕ್ಕೆ. ಲಾಟಿನಲ್ಲಿ 3 ಮತ್ತು 4. ಮೊದಲು ಹೆಚ್ಚು ಇಳಿಸಿದ್ದು ಗಾರ್ಚ್, ಮೊದಲು ವಾಪಸ್ ಏರಿಸಿದ್ದೂ ಗಾರ್ಚ್.

ಬ್ರಹ್ಮಪುರ ಮೂಲೆ, ಕಲಬುರಗಿ

ಅಕ್ಕಾರ, ಈಗ ಸ್ಪಷ್ಟವಾಯಿತು. ಹಾಗಾದರೆ 34 ದಿನದ ಮಾತು ಯಾವಾಗ ಬೇಕಾಗುತ್ತದೆ?

ಕಾಗಿಣಾ ದಂಡೆ, ಕಲಬುರಗಿ

ವಾರಕ್ಕೋ ತಿಂಗಳಿಗೋ ಒಮ್ಮೆ ಮಾತ್ರ ಲಾಟ್ ಬದಲಿಸೋರಿಗೆ. ಜೂನ್ 7ರಂದು ಮುಂದಿನ 20 ದಿನದ ಸರಾಸರಿ ಕೇಳಿದರೆ ಗಾರ್ಚ್ 2.12 ಅನ್ನೋದಿಲ್ಲ, 1.98 ಅನ್ನುತ್ತದೆ, ಯಾಕಂದ್ರೆ ಮೆಲ್ಲಗೆ ದೀರ್ಘಕಾಲದ ಸರಾಸರಿಗೆ ಮರಳುತ್ತದೆ ಅಂತ ಅದು ನಂಬುತ್ತದೆ. ಇಡಬ್ಲ್ಯೂಎಂಎಗೆ ಆ ನಂಬಿಕೆ ಇಲ್ಲ. ನಾಳೆಗೂ 1.90, ಮುಂದಿನ ತಿಂಗಳಿಗೂ 1.90. ನೋಡಿ, 20 ದಿನದ ಲೆಕ್ಕಕ್ಕೆ ಬಂದಾಗ ಎರಡರ ನಡುವೆ ಉಳಿದದ್ದು 0.08.

ಗಂಜಿನ ದಲಾಲ, ಕಲಬುರಗಿ

ನಮಸ್ಕಾರ್ರಿ. ಇದನ್ನ ತೊಗರಿಗೆ ಹಚ್ಚಬಹುದೇನ್ರಿ? ಎಪಿಎಂಸಿ ಮಾದರಿ ಬೆಲಿ ದಿನಾ ಬರ್ಕೊಂಡೀನಿ, ನಾಲ್ಕು ವರ್ಷದ್ದು ಅದ. ಗ್ವಾದಾಮಿನಾಗ ಎಷ್ಟು ಕ್ವಿಂಟಲ್ ಇಟ್ಕೋಬೇಕು ಅನ್ನೋದಕ್ಕ ಇದೇ ಲೆಕ್ಕ ನಡೀತದೇನು? ನಾ ಹಾಕಿ ನೋಡಿದ್ರ ತೊಗರಿ ಸಿಗ್ಮಾ ನಿಫ್ಟಿಕಿಂತ ಕಮ್ಮಿ ಬರ್ತದ. ಹಂಗಾದ್ರ ತೊಗರಿ ನಿಫ್ಟಿಗಿಂತ ಸುರಕ್ಷಿತ ಆತಲ್ಲ?

ಬರೀದ್‌ಶಾಹಿ, ಬೀದರ್

ಕಾಕಾ, ಆ ಸಿಗ್ಮಾ ಕಮ್ಮಿ ಬಂದದ್ದು ಬೆಲೆ ಸುರಕ್ಷಿತ ಅಂತಲ್ಲ. ಮಾದರಿ ಬೆಲೆ ಅಂದ್ರ ಆ ದಿನ ಹೆಚ್ಚು ಮಾಲು ಯಾವ ದರಕ್ಕ ಹೋತೋ ಅದು. ದೊಡ್ಡ ಸುದ್ದಿ ಬಂದ ದಿನ ಖರೀದಿದಾರರು ಕೈ ಕಟ್ಕೊಂಡು ಕೂಡ್ತಾರ, ಬೆಲೆ ಅಲ್ಲೇ ನಿಂತಂಗ ಕಾಣ್ತದ, ಆಮ್ಯಾಲೆ ನಾಲ್ಕೈದು ದಿನ ಮೆಲ್ಲಕ ಒಂದೇ ದಿಕ್ಕಿಗೆ ಜಾರ್ತದ. ಒಂದು ದಿನದ 5 ಪರ್ಸೆಂಟ್ ಹೊಡೆತ ನಿಮ್ಮ ವಹಿಯೊಳಗ 1 ಪರ್ಸೆಂಟಿನಂಗ ಐದು ದಿನ ಬೀಳ್ತದ. ವರ್ಗ ಮಾಡಿದ್ರ 25ರ ಬದಲಿ 5 ಮಾತ್ರ. ವೇರಿಯನ್ಸ್ ಐದರಲ್ಲಿ ಒಂದು ಪಾಲಿಗೆ ಇಳೀತು.

ತಿಳ್ಕೊಳ್ಳೋದು ಹೆಂಗಂದ್ರ, ದಿನದ ರಿಟರ್ನಿಂದ ತೆಗೆದ ಸಿಗ್ಮಾನ 5ರ ವರ್ಗಮೂಲ 2.24ರಿಂದ ಗುಣಿಸ್ರಿ. ಆಮ್ಯಾಲೆ ವಾರಕ್ಕೊಂದು ಬೆಲೆ ಹಿಡಿದು ನೇರವಾಗಿ ವಾರದ ಸಿಗ್ಮಾ ತೆಗೀರಿ. ನಿಫ್ಟಿಯೊಳಗ ಎರಡೂ ಹತ್ತಿರ ಬರ್ತಾವ. ನಿಮ್ಮ ತೊಗರಿಯೊಳಗ ಎರಡನೇದು ಢಾಳಾಗಿ ದೊಡ್ಡದು ಬಂದ್ರ ದಿನದ ಸಂಖ್ಯೆ ನಂಬಬ್ಯಾಡ್ರಿ, ವಾರದ್ದೇ ಹಿಡೀರಿ.

ಇನ್ನೊಂದು. ಈ ಲೆಕ್ಕದ ಜೀವ ಇರೋದು ನಾಳೆ ಬೆಳಿಗ್ಗೆ ಲಾಟ್ ಇಳಿಸಬಹುದು ಅನ್ನೋದ್ರಾಗ. ತೊಗರಿ ಫ್ಯೂಚರ್ಸ್ 2007ರಿಂದ ಬಂದ್ ಅದ. ಗ್ವಾದಾಮಿನ ಮಾಲು ಒಂದು ಸಂಜೆಗೆ ಅರ್ಧ ಮಾಡ್ಲಿಕ್ಕಾಗೋದಿಲ್ಲ.

ಗಂಜಿನ ದಲಾಲ, ಕಲಬುರಗಿ

ವಾರದ್ದು ತೆಗೆದೆ ನೋಡ್ರಿ. ದಿನದ್ದರಿಂದ ಗುಣಿಸಿ ಬಂದದ್ದು 2.0, ನೇರ ವಾರದ್ದು 3.3. ಖರೆ ಅದ ನೀವಂದದ್ದು. ಮತ್ತ 2023ರ ಜೂನ್ 2ಕ್ಕ ತೊಗರಿ, ಉದ್ದಿಗೆ ದಾಸ್ತಾನು ಮಿತಿ ಹಾಕಿದ್ರಲ್ಲ, ಅಂಥಾದ್ದು ಈ ಲೆಕ್ಕದಾಗ ಎಲ್ಲಿ ಬರ್ತದ?

ಬರೀದ್‌ಶಾಹಿ, ಬೀದರ್

ಎಲ್ಲೂ ಬರೋದಿಲ್ಲ ಕಾಕಾ. ಈ ಎರಡೂ ಸೂತ್ರ ಹಿಂದಿನ ಬೆಲೆ ಬಿಟ್ರ ಬ್ಯಾರೆ ಏನೂ ಓದೋದಿಲ್ಲ.

ಶಹಾಬಾದ್ ಪರಸಿ, ಕಲಬುರಗಿ

ಕಾಗಿಣಾ ಅಕ್ಕಾರ ಪಟ್ಟಿಯೊಳಗ ನನಗೊಂದು ಆಕ್ಷೇಪ ಅದ. ಜೂನ್ 3ರ 3.25 ಏರಿಕೆ. ಸಾದಾ ಗಾರ್ಚ್‌ಗೆ ಏರಿಕೆ ಇಳಿಕೆ ಒಂದೇ, ಯಾಕಂದ್ರ ವರ್ಗ ಮಾಡ್ತದ. ಷೇರು ಸೂಚ್ಯಂಕದಾಗ ಹಂಗಿಲ್ಲ. ಬಿದ್ದ ದಿನದ ನಂತರ ಏರಿಳಿತ ಹೆಚ್ಚಾಗೋದು, ಏರಿದ ದಿನದ ನಂತರ ಅಷ್ಟು ಆಗೋದಿಲ್ಲ. ಅದಕ್ಕ ಜಿಜೆಆರ್ ಗಾರ್ಚ್ ಇರೋದು, ಇಳಿಕೆಗೆ ಬ್ಯಾರೆ ತೂಕ. `arch` ನಾಗ `o=1` ಅಂತ ಒಂದೇ ಅಕ್ಷರ ಸೇರಿಸಿದ್ರ ಸಾಕು. ಸುಮ್ಮ ಸುಮ್ಮನೆ ಏರಿದ ದಿನ ಲಾಟ್ ಕಡಿದು ಟ್ರೆಂಡಿನ ಲಾಭ ಯಾಕ ಬಿಡಬೇಕು?

ಕಾಗಿಣಾ ದಂಡೆ, ಕಲಬುರಗಿ

ಇಳಿಕೆಗೆ ಹೆಚ್ಚು ತೂಕ ಅನ್ನೋದು ಸರಾಸರಿಯಲ್ಲಿ ನಿಜ, ಫಿಟ್ ಕೂಡ ಚೆನ್ನಾಗಿ ಬರುತ್ತದೆ. ಆದರೆ ಇದೇ ವಾರಕ್ಕೆ ಹಾಕಿ ನೋಡಿ. ಒಮೆಗಾ 0.015, ಆಲ್ಫಾ 0.03, ಇಳಿಕೆಯ ಹೆಚ್ಚುವರಿ ತೂಕ 0.11, ಬೀಟಾ 0.90. ಜೂನ್ 3 ಏರಿದ ದಿನವಾದ್ದರಿಂದ 0.03 ಮಾತ್ರ ಲೆಕ್ಕಕ್ಕೆ. ಸಿಗ್ಮಾ 0.95. ಲಾಟ್ 4.5, ಅಂದರೆ 4. ಮರುದಿನ 5.93 ಬಿದ್ದಾಗ ಒಂದು ಲಾಟ್ ಹೆಚ್ಚಿಗೆ, 34 ಸಾವಿರ ಹೆಚ್ಚಿಗೆ ನಷ್ಟ.

ಶಹಾಬಾದ್ ಪರಸಿ, ಕಲಬುರಗಿ

ಒಂದು ದಿನ ಹಿಡಿದು ಮಾದರಿನ ಅಳೆಯೋದು ನ್ಯಾಯ ಅಲ್ಲ ಅಕ್ಕಾರ. ಮತ ಎಣಿಕೆ ಅಂಥ ದಿನ ಐದು ವರ್ಷಕ್ಕೊಮ್ಮೆ. ಉಳಿದ ಸಾವಿರ ದಿನದಾಗ ಯಾವುದು ಹತ್ತಿರ ಹೇಳ್ತದ ಅನ್ನೋದು ಮುಖ್ಯ.

ಕಾಗಿಣಾ ದಂಡೆ, ಕಲಬುರಗಿ

ಅದೂ ಸರಿ. ಸಾವಿರ ದಿನದ ಪರೀಕ್ಷೆ ಮಾಡಿ ಹಾಕಿ, ನೋಡೋಣ. ಆದರೆ ಒಮೆಗಾದಿಂದ ಬೀಟಾವರೆಗೆ ಎಲ್ಲವನ್ನೂ ಆಯಾ ದಿನದ ಹಿಂದಿನ ಡೇಟಾದಿಂದ ಮಾತ್ರ ಫಿಟ್ ಮಾಡಿರಬೇಕು. ಪೂರ್ತಿ ಡೇಟಾಗೆ ಒಮ್ಮೆ ಫಿಟ್ ಮಾಡಿ `conditional_volatility` ತೆಗೆದುಕೊಂಡರೆ 2020ರ ಅಂದಾಜಿನೊಳಗೆ 2024ರ ಜ್ಞಾನ ಕೂತಿರುತ್ತದೆ. ಜಿಜೆಆರ್‌ನಲ್ಲಿ ಒಂದು ಸಂಖ್ಯೆ ಜಾಸ್ತಿ, ಹಾಗಾಗಿ ಈ ಮೋಸದ ಲಾಭ ಅದಕ್ಕೇ ಹೆಚ್ಚು ಸಿಗೋದು.

ಸುರಪುರ ಪೋರ, ಯಾದಗಿರಿ

ಅಕ್ಕಾರ, ನಾ ಪೂರ್ತಿ ಡೇಟಾಗೇ ಫಿಟ್ ಮಾಡಿದ್ದು. ತಿಂಗಳಿಗೊಮ್ಮೆ ಮಾಡಿದ್ರ ನಡುವಿನ ದಿನಕ್ಕ ಏನು ಮಾಡೋದು? ಮತ್ತ ಆ ಎಚ್ಚರಿಕೆ `DataScaleWarning` ಅಂತ ಬರ್ತದ. ಒಂದು ತಿಂಗಳಂತೂ ಆಲ್ಫಾ ಸೊನ್ನೆ ಬಂದು ಸಿಗ್ಮಾ ಗೆರೆ ನೆಟ್ಟಗೆ ನಿಂತುಬಿಟ್ತು.

ಬರೀದ್‌ಶಾಹಿ, ಬೀದರ್

ಎಚ್ಚರಿಕೆ ಬಂದದ್ದು ನೀ ರಿಟರ್ನ್‌ನ 0.008 ಅಂತ ದಶಾಂಶದಾಗ ಕೊಟ್ಟಿದ್ದಕ್ಕ. ಅದರ ವರ್ಗ 0.000064, ಒಮೆಗಾ ಅದಕ್ಕಿಂತಲೂ ಸಣ್ಣದು. ಹುಡುಕೋ ಯಂತ್ರಕ್ಕ ಅಷ್ಟು ಸಣ್ಣ ಸಂಖ್ಯೆಯೊಳಗ ದಾರಿ ಸಿಗೋದಿಲ್ಲ, ಎಲ್ಲೋ ಒಂದು ಕಡೆ ನಿಂತು ಇದೇ ಉತ್ತರ ಅಂತದ. ಆ ಸೊನ್ನೆ ಆಲ್ಫಾನೂ ಬಹುಶಃ ಅಲ್ಲಿಂದನೇ. 100ರಿಂದ ಗುಣಿಸಿ ಕೊಡು. ಆಮ್ಯಾಲೆ ಲಾಟ್ ತೆಗೆಯುವಾಗ ಮತ್ತ 100ರಿಂದ ಭಾಗಿಸೋದು ಮರೀಬ್ಯಾಡ, ಮರೆತ್ರ ಲಾಟ್ ಎಲ್ಲಾ ಸೊನ್ನೆ ಬರ್ತಾವ.

ನಡುವಿನ ದಿನಕ್ಕ ಫಿಟ್ ಬೇಕಾಗಿಲ್ಲ. ತಿಂಗಳ ಕೊನೆಗೆ ಬಂದ ಸಂಖ್ಯೆಗಳನ್ನ ಕಟ್ಟಿಹಾಕಿ, ದಿನಾ ಹೊಸ ರಿಟರ್ನ್ ಮಾತ್ರ ಅದರೊಳಗ ಹಾಯಿಸೋದು:

```python
from arch import arch_model
spec = dict(mean="Zero", vol="GARCH", p=1, q=1, dist="t")
res = arch_model(r[:cut], **spec).fit(disp="off")
live = arch_model(r, **spec).fix(res.params)
sig = live.conditional_volatility
```

`cut` ಹಿಂದಿನ ಡೇಟಾ ಎರಡು ವರ್ಷಕ್ಕಿಂತ ಕಮ್ಮಿ ಇದ್ರ ಫಿಟ್ ಮಾಡಲೇಬ್ಯಾಡ. ನಾಲ್ಕು ವರ್ಷ, ಅಂದ್ರ ಸಾವಿರ ದಿನ ಇದ್ರ ಒಳ್ಳೇದು. ಅಷ್ಟಿದ್ರೂ ಒಂದು ಜಾಗ ಸದಾ ಅಲುಗಾಡ್ತದ, ಅದು ದೀರ್ಘಕಾಲದ ವೇರಿಯನ್ಸ್. ಒಮೆಗಾನ 1ರಿಂದ ಆಲ್ಫಾ, ಬೀಟಾ ಕಳೆದು ಉಳಿದದ್ದರಿಂದ ಭಾಗಿಸಿದ್ರ ಅದು ಬರ್ತದ. ಒಮೆಗಾ 0.02, ಮೊತ್ತ 0.98 ಇದ್ರ 1, ಸಿಗ್ಮಾ 1 ಪರ್ಸೆಂಟ್. ಮೊತ್ತ 0.99 ಆದ್ರ 2, ಸಿಗ್ಮಾ 1.41. ಎರಡನೇ ದಶಾಂಶದಾಗ ಒಂದು ಅಂಕಿ ಸರಿದ್ರ ಮಾರುಕಟ್ಟೆಯ ಸಾಧಾರಣ ಮಟ್ಟನೇ ನೂರಕ್ಕ ನಲವತ್ತು ಏರ್ತದ. 2020ರ ಮಾರ್ಚ್ 23ಕ್ಕ ನಿಫ್ಟಿ ಸುಮಾರು 13 ಪರ್ಸೆಂಟ್ ಬಿತ್ತು. ಆ ಒಂದು ದಿನ ನಿನ್ನ ಕಿಟಕಿಯೊಳಗ ಇರೋ ತಿಂಗಳಿಗೂ ಅದು ಹೊರಬಿದ್ದ ತಿಂಗಳಿಗೂ ಈ ಸಂಖ್ಯೆ ಎಷ್ಟು ಬದಲಾಗ್ತದ ನೋಡು. ಮಾರುಕಟ್ಟೆಯೊಳಗ ಏನೂ ಆಗಿರೋದಿಲ್ಲ, ಕ್ಯಾಲೆಂಡರ್ ಹಾಳೆ ತಿರುಗಿರ್ತದ ಅಷ್ಟೇ.

ಇಡಬ್ಲ್ಯೂಎಂಎದಾಗ ಈ ತಲಿನೋವು ಇಲ್ಲ. ಫಿಟ್ ಮಾಡೋದೇ ಇಲ್ಲಲ್ಲ. ಜೆ.ಪಿ. ಮಾರ್ಗನ್ ಮಂದಿ ರಿಸ್ಕ್‌ಮೆಟ್ರಿಕ್ಸ್ ಹೊರಗ ತಂದಾಗ ದಿನದ ಡೇಟಾಗೆ 0.94 ಅಂತ ಎಲ್ಲಾ ಮಾಲಿಗೂ ಒಂದೇ ಸಂಖ್ಯೆ ಇಟ್ರು, ಅದೇ ಇವತ್ತಿಗೂ ನಡೀತದ.

ಹುಮನಾಬಾದ್ ಕ್ರಾಸ್, ಬೀದರ್

`dist="t"` ಹಾಕಿದ್ರ ದೊಡ್ಡ ದಿನದ ಹೊಡೆತ ತಾನೇ ಕಮ್ಮಿ ಆಗ್ತದಲ್ಲ?

ಬರೀದ್‌ಶಾಹಿ, ಬೀದರ್

ಇಲ್ಲ. ಅದು ಫಿಟ್ ಮಾಡುವಾಗ ಆಲ್ಫಾ, ಬೀಟಾ ಒಂದೇ ದಿನದ ಮಾತು ಕೇಳಿ ಅತ್ತಿತ್ತ ಹೋಗದಂಗ ನೋಡ್ಕೊಳ್ತದ. ಫಿಟ್ ಆದಮ್ಯಾಲೆ ಸೂತ್ರ ಅದೇ. 5.93ರ ವರ್ಗ 35, ಪೂರ್ತಿ 35 ಒಳಗ ಹೋಗ್ತದ.

ಬ್ರಹ್ಮಪುರ ಮೂಲೆ, ಕಲಬುರಗಿ

ಒಂದು ಮಾತು ಯಾರೂ ಎತ್ತಲಿಲ್ಲ. ಮೇ ಕೊನೆಗೇ ಇಂಡಿಯಾ ವಿಐಎಕ್ಸ್ 20ರ ಮೇಲಿತ್ತು. ಜೂನ್ 4ಕ್ಕೆ ಏನೋ ಆಗುತ್ತದೆ ಎಂದು ಆಪ್ಷನ್ ಮಾರುಕಟ್ಟೆಗೆ ಗೊತ್ತಿತ್ತು, ಬೆಲೆ ನೋಡಿ ಸಿಗ್ಮಾ ತೆಗೆಯುವವರಿಗೆ ಮಾತ್ರ ಗೊತ್ತಿರಲಿಲ್ಲ. ವಿಐಎಕ್ಸನ್ನು 16ರಿಂದ ಭಾಗಿಸಿದರೆ ದಿನದ ಸಿಗ್ಮಾ ಸಿಗುತ್ತದೆ. 24 ಇದ್ದರೆ 1.5 ಪರ್ಸೆಂಟ್, ಲಾಟ್ 2. ಇಡಬ್ಲ್ಯೂಎಂಎ 5 ಅನ್ನುತ್ತಿತ್ತು.

ಕಾಗಿಣಾ ದಂಡೆ, ಕಲಬುರಗಿ

ಇದು ಬಹಳ ಒಳ್ಳೆಯ ಮಾತು. ಎರಡು ಸಿಗ್ಮಾಗಳಲ್ಲಿ ದೊಡ್ಡದನ್ನು ಹಿಡಿಯೋದು ಸರಿಯಾದ ಕ್ರಮ. ಒಂದೇ ಎಚ್ಚರ: ಜೂನ್ 3ಕ್ಕೆ ಎಕ್ಸಿಟ್ ಪೋಲ್ ನೋಡಿ ವಿಐಎಕ್ಸ್ ಇಳಿದು 21ರ ಆಸುಪಾಸು ಬಂತು. ಅಂದರೆ 1.3 ಪರ್ಸೆಂಟ್, ಮತ್ತೆ 3 ಲಾಟ್. ಬೀಳೋ ಹಿಂದಿನ ಸಂಜೆ ಮೂರೂ ದಾರಿ ಒಂದೇ ಸಂಖ್ಯೆಗೆ ಬಂದು ನಿಂತವು.

ಸುರಪುರ ಪೋರ, ಯಾದಗಿರಿ

ಈಗ ಎಲ್ಲಾ ತಿದ್ದಿ, ಹಿಂದಿನ ಡೇಟಾದಿಂದ ಮಾತ್ರ ಫಿಟ್ ಮಾಡಿ ಓಡಿಸಿದೆ. ಇಡಬ್ಲ್ಯೂಎಂಎ, ಗಾರ್ಚ್ ನಡುವಿನ ಲಾಭದ ಅಂತರ ನೋಡ್ಲಿಕ್ಕೇ ಸಿಗೋದಿಲ್ಲ. ಗಾರ್ಚ್‌ನಾಗ ವಹಿವಾಟು ಮಾತ್ರ ಹೆಚ್ಚು. ಅಕ್ಕಾರ ಪಟ್ಟಿಯೊಳಗೂ ನೋಡ್ರಿ, ಗಾರ್ಚ್ 2.14, 1.96, 2.04. ನನ್ನ ಲೆಕ್ಕದಾಗ 2, 1, 2. ಒಂದು ಲಾಟ್ ಮಾರಿ ಮರುದಿನ ಮತ್ತ ತಗೊಂಡಂಗಾತು. ಗುರಿ ಬದಲಾದದ್ದು 0.2 ಸುದ್ದಾ ಇಲ್ಲ.

ಬರೀದ್‌ಶಾಹಿ, ಬೀದರ್

ದಶಾಂಶ ಕತ್ತರಿಸಿ ಗುರಿ ಇಡೋದು ಬಿಡು. ಕೈಯಾಗ ಇರೋ ಲಾಟಿಗೂ ಕತ್ತರಿಸದ ಗುರಿಗೂ ಅಂತರ 0.7 ದಾಟಿದಾಗ ಮಾತ್ರ ಕೈ ಹಾಕು. 2 ಇದ್ದಾಗ ಗುರಿ 1.96 ಬಂದ್ರ ಸುಮ್ಮನಿರು. 1.3ಕ್ಕಿಂತ ಕೆಳಗ ಹೋದ್ರ ಒಂದು ಮಾರು, 2.7 ದಾಟಿದ್ರ ಒಂದು ತಗೋ. ಆ ಪಟ್ಟಿಯ ಗಾರ್ಚ್‌ನಾಗ ಜೂನ್ 4ಕ್ಕ 3ರಿಂದ 2ಕ್ಕ ಇಳಿಸಿದಮ್ಯಾಲೆ 7ರವರೆಗೆ ಒಂದೂ ವಹಿವಾಟು ಬೀಳೋದಿಲ್ಲ.

ಇನ್ನೊಂದು, ಸಿಗ್ಮಾಕ್ಕ ಒಂದು ತಳ ಇಡು. ಇಡಬ್ಲ್ಯೂಎಂಎಗೆ ಮರಳಿ ಹೋಗೋ ಮಟ್ಟ ಇಲ್ಲ, ಶಾಂತ ದಿನ ಮುಂದುವರೆದ್ರ ಇಳೀತಾನೇ ಇರ್ತದ. ಸಿಗ್ಮಾ 0.45ಕ್ಕ ಬಂದ್ರ 9 ಲಾಟ್ ಆಗ್ತಾವ, ಅಂಥಾದ್ರಾಗ 5.93 ಬಿದ್ರ 3 ಲಕ್ಷ ಹೋತು, ಬಂಡವಾಳದ ನೂರಕ್ಕ ಆರು. 0.7ಕ್ಕ ತಳ ಇಟ್ರ 6 ಲಾಟ್, 2 ಲಕ್ಷ. ಗಾರ್ಚ್‌ನಾಗ ಒಮೆಗಾ ಈ ಕೆಲಸ ಸ್ವಲ್ಪ ಮಾಡ್ತದ, ಆದ್ರ ಅದು ಎಷ್ಟು ಅಲುಗಾಡ್ತದ ಅಂತ ಮ್ಯಾಲ ಹೇಳೀನಿ. ಕೈಯಿಂದ ಇಟ್ಟ ತಳ ಅಲುಗಾಡೋದಿಲ್ಲ.

ಶಹಾಬಾದ್ ಪರಸಿ, ಕಲಬುರಗಿ

ಸಿಗ್ಮಾಕ್ಕ 0.7ರ ತಳ ಅನ್ನೋದು ಎಲ್ಲಿಂದ ಬಂತು? ಅದೂ ಒಂದು ಫಿಟ್ಟೇ ಆತಲ್ಲ, ಕೈಯಿಂದ ಮಾಡಿದ್ದು.

ಬರೀದ್‌ಶಾಹಿ, ಬೀದರ್

ಹೌದು, ಕೈಯಿಂದ ಮಾಡಿದ್ದೇ. ನನ್ನ ಕ್ರಮ ಏನಂದ್ರ, 6 ಪರ್ಸೆಂಟ್ ಬಿದ್ದ ದಿನ ಬಂಡವಾಳದ 4 ಪರ್ಸೆಂಟ್‌ಕಿಂತ ಹೆಚ್ಚು ಹೋಗಬಾರದು ಅಂತ ಮೊದಲು ಗೆರೆ ಎಳೆದು, ಅಲ್ಲಿಂದ ಹಿಂದಕ್ಕ ಬರೋದು. 50 ಲಕ್ಷಕ್ಕ ಅದು ಸುಮಾರು 6 ಲಾಟ್, ಸಿಗ್ಮಾದಾಗ ಹೇಳಿದ್ರ ಸುಮಾರು 0.7. ನಿಮ್ಮ ಗೆರೆ ಬ್ಯಾರೆ ಇದ್ರ ತಳನೂ ಬ್ಯಾರೆ.

ಕಾಗಿಣಾ ದಂಡೆ, ಕಲಬುರಗಿ

ಸುರಪುರದ ತಮ್ಮಾ, ಲಾಟ್ 25 ಅಂತ ಹಿಡಿದಿದ್ದು ಬ್ಯಾಕ್‌ಟೆಸ್ಟಿಗೆ ನಡೀತದೆ, ಹೊಸ ಆರ್ಡರಿಗೆ ನಡೆಯೋದಿಲ್ಲ. 2024ರ ನವೆಂಬರ್ ಕೊನೆಗೆ ಹೊಸ ಕಾಂಟ್ರಾಕ್ಟ್‌ಗಳಿಗೆ ಲಾಟ್ 75 ಆಯಿತು. 23,290ಕ್ಕೆ 75 ಅಂದರೆ 17.5 ಲಕ್ಷ. ಸಿಗ್ಮಾ 1.9 ಇದ್ದ ದಿನ ಒಂದೇ ಲಾಟಿನ ಏರಿಳಿತ 33 ಸಾವಿರ. ನಿನ್ನ ಗುರಿ 25 ಸಾವಿರ. ಗುರಿ 0.75 ಲಾಟ್, ಸಿಗೋದು ಒಂದು ಅಥವಾ ಸೊನ್ನೆ. ಶಾಂತ ದಿನದಲ್ಲಿ 0.8 ಸಿಗ್ಮಾ ಇದ್ದರೂ 1.8. ಗಾರ್ಚ್, ಇಡಬ್ಲ್ಯೂಎಂಎ ನಡುವಿನ 0.3 ಲಾಟಿನ ಅಂತರ ನೀನು ಬಳಸಲಿಕ್ಕೇ ಆಗೋದಿಲ್ಲ. ಮೊದಲು ನಿನ್ನ ಕಾಂಟ್ರಾಕ್ಟಿನ ಈಗಿನ ಲಾಟ್ ಹಾಕಿ ಪೂರ್ತಿ ಪಟ್ಟಿ ಮತ್ತೆ ಓಡಿಸು.

ಗಂಜಿನ ದಲಾಲ, ಕಲಬುರಗಿ

ಫ್ಯೂಚರ್ಸ್ ಬಿಟ್ಟು ನಿಫ್ಟಿ ಇಟಿಎಫ್ ತಗೊಂಡ್ರ ಒಂದೊಂದೇ ಯುನಿಟ್ ಕೂಡಿಸಿ ಕಳೀಬಹುದಲ್ರಿ? ಕ್ವಿಂಟಲ್ ಬಿಟ್ಟು ಕಿಲೋ ಲೆಕ್ಕ ಹಿಡಿದಂಗ.

ಸುರಪುರ ಪೋರ, ಯಾದಗಿರಿ

ಏರೋ ಕಡೆಗೆ ನಡೀತದ ಕಾಕಾ. ಇಳಿಯೋ ಟ್ರೆಂಡ್ ಬಂದಾಗ ಇಟಿಎಫ್ ಮಾರಿ ಇಟ್ಕೊಳ್ಳಾಕ ಬರೋದಿಲ್ಲ, ಅಲ್ಲಿ ಫ್ಯೂಚರ್ಸೇ ಬೇಕು.

ಕಾಗಿಣಾ ದಂಡೆ, ಕಲಬುರಗಿ

ಏರೋ ಕಡೆ ಇಟಿಎಫ್, ಇಳಿಯೋ ಕಡೆ ಒಂದು ಲಾಟ್ ಇಲ್ಲಾ ಸೊನ್ನೆ. ಹಾಗೆ ಎರಡು ಭಾಗ ಮಾಡಿ ಓಡಿಸಿ ನೋಡು. ಜೊತೆಗೆ ಪ್ರತಿ ದಿನದ ರಿಟರ್ನನ್ನು ಆ ದಿನಕ್ಕಿದ್ದ ಸಿಗ್ಮಾದಿಂದ ಭಾಗಿಸಿ, ಆ ಸಾಲಿನ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು ಹಾಕು. 1ರ ಹತ್ತಿರ ಇರಬೇಕು. 1.2 ಬಂದರೆ ನಿನ್ನ 25 ಸಾವಿರ ನಿಜಕ್ಕೂ 30 ಸಾವಿರ. ಇಡಬ್ಲ್ಯೂಎಂಎ, ಗಾರ್ಚ್, ಜಿಜೆಆರ್ ಮೂರಕ್ಕೂ ಹಾಕಿದರೆ ಶಹಾಬಾದಿನವರ ಪ್ರಶ್ನೆಗೂ ಅಲ್ಲೇ ಅರ್ಧ ಉತ್ತರ ಸಿಗಬಹುದು.

ಶಹಾಬಾದ್ ಪರಸಿ, ಕಲಬುರಗಿ

ಏರಿದ ದಿನದ ನಂತರ, ಬಿದ್ದ ದಿನದ ನಂತರ ಅಂತ ಎರಡು ಗುಂಪು ಮಾಡಿ ಬ್ಯಾರೆ ಬ್ಯಾರೆ ತೆಗಿ ತಮ್ಮಾ. ಒಟ್ಟಿಗೆ ತೆಗೆದ್ರ ಒಂದು ಗುಂಪಿನ ತಪ್ಪು ಇನ್ನೊಂದರಾಗ ಮುಚ್ಚಿಹೋಗ್ತದ.

ಸುರಪುರ ಪೋರ, ಯಾದಗಿರಿ

ಆತ್ರಿ. ಈಗಿನ ಲಾಟ್, 0.7 ತಳ, ಎರಡು ಗುಂಪು, ಮೂರು ಮಾದರಿ. ರವಿವಾರ ಓಡಿಸಿ ಇಲ್ಲೇ ಹಾಕ್ತೀನಿ.